ಬಲಗಡೆಯ ಕಂಡಿಕೆ

ಟಕ ಟಕ ಟಕ, ಆಮೇಲೆ ಕಿರ್ರೆಂದು ಒಂದು ಎಳೆತ, ಮತ್ತೆ ಟಕ ಟಕ. ಮಧುಗಿರಿಯ ತಾಲ್ಲೂಕು ಕಚೇರಿಯ ಜಗಲಿಯಲ್ಲಿ ಕೂತು ಅರ್ಜಿ ಬರೆಯುತ್ತಿದ್ದ ರೇಣುಕಯ್ಯನಿಗೆ ಆ ಕಿರ್ರೆನ್ನುವುದು ಕೇಳಿದಾಗಲೆಲ್ಲ ಲೇಖನಿ ತಡೆಯುತ್ತಿತ್ತು. ಅದು ಎದುರು ಸಾಲಿನ ಗಂಗರತ್ನಮ್ಮನ ಹೊಲಿಗೆ ಯಂತ್ರ. ಅದರ ಎರಕದ ಕಬ್ಬಿಣದ ಕಾಲು ಸೀಳಿ ಮೂರು ತಿಂಗಳಾಗಿತ್ತು. ಎರಕದ ಕಬ್ಬಿಣವನ್ನು ಊರ ಕಮ್ಮಾರ ಬೆಸೆಯಲಾರ. ತಂತಿ ಸುತ್ತಿ, ಅಡಿಗೆ ಇಟ್ಟಿಗೆ ಕೊಟ್ಟು ಆಕೆ ಹೇಗೋ ತುಳಿಯುತ್ತಿದ್ದಳು. ಬಿರುಕು ಇನ್ನೊಂದು ಗೇಣು ಮೇಲೇರಿದರೆ ಯಂತ್ರ ನಿಂತೀತು. ಯಂತ್ರ ನಿಂತರೆ ಆಕೆ ಪುರವರಕ್ಕೆ, ಅಣ್ಣನ ಮನೆಗೆ, ಅತ್ತಿಗೆಯ ಅಡಿಗೆಕೋಣೆಗೆ ಮರಳಬೇಕು. ಗಂಡ ಸತ್ತ ಮೇಲೆ ಆ ಕೋಣೆಯಿಂದ ಹೊರಬರಲು ಆಕೆಗೆ ಒಂಬತ್ತು ವರ್ಷ ಹಿಡಿದಿತ್ತು.

ರೇಣುಕಯ್ಯ ಇಪ್ಪತ್ತಾರು ವರ್ಷದಿಂದ ಆ ಜಗಲಿಯ ಮೇಲಿದ್ದ. ಕಚೇರಿಯ ದಫ್ತರಗಳಿಂದ ರೈತರಿಗೆ ನಕಲು ತೆಗೆದುಕೊಡುವುದು ಅವನ ಕಸುಬು. ಅವನ ನಕಲಿನಲ್ಲಿ ಒಂದು ಕೊಂಬು, ಒಂದು ಸೊನ್ನೆ ತಪ್ಪಿದ್ದನ್ನು ಯಾರೂ ಕಂಡಿರಲಿಲ್ಲ. ಸಂತೆಯಲ್ಲಿ ಮಾತಿಗೆ ಮಾತು ಬೆಳೆದಾಗ ಜನ, ‘ಇದೇನು ರೇಣುಕಯ್ಯನ ನಕಲೇ, ನಂಬೋಕೆ?’ ಎನ್ನುತ್ತಿದ್ದರು. ಅದನ್ನು ಕೇಳಿಸಿಕೊಂಡು ಕೇಳದವನಂತೆ ನಡೆಯುವುದು ಅವನ ಬಾಳಿನ ಒಂದೇ ಜಂಬ.

ಕಾಲು ಸೀಳಿದಾಗ ಯಂತ್ರದ ಕಂಪನಿಯ ಏಜೆಂಟ್ ನಾಗಲಿಂಗಯ್ಯ ಕರಾರುಪತ್ರವನ್ನು ಬೆಂಗಳೂರಿಗೆ ಕಳಿಸಬೇಕೆಂದು ಕೇಳಿದ್ದ. ಅಸಲನ್ನು ಕೈಬಿಡುವ ಮುನ್ನ ಫೋಟೋ ತೆಗೆಸಿಡು ಎಂದು ಗಂಗರತ್ನಮ್ಮನಿಗೆ ಹೇಳಿದವನು ರೇಣುಕಯ್ಯನೇ. ಸಂತೆಬೀದಿಯ ಸ್ಟುಡಿಯೋದ ರುದ್ರಯ್ಯ ತೆಗೆದುಕೊಟ್ಟ. ಒಳ್ಳೆಯದೇ ಆಯಿತು, ಬೆಂಗಳೂರಿನಲ್ಲಿ ಅಸಲು ಕಳೆದುಹೋಯಿತು. ಅದು ಹಳೆಯ ನಮೂನೆ, ಈಗ ಅಚ್ಚಾಗುವುದಿಲ್ಲ, ನಿಬಂಧನೆಗಳ ನಕಲಿದ್ದರೆ ಕಳಿಸಿ ಎಂದು ಕಾಗದ ಬಂತು.

ಫೋಟೋ ಅಂಗೈಯಗಲ. ಅದರಲ್ಲಿ ನಿಬಂಧನೆಗಳು ಎರಡು ಕಾಲಮ್ಮಾಗಿ ಅಚ್ಚಾಗಿದ್ದವು, ಅಕ್ಷರ ಸಾಸಿವೆಗಿಂತ ಸಣ್ಣ. ಹಗ್ಗ ಹಿಡಿದು ಕಟ್ಟಿದ ಗೋಡೆಯ ಹಾಗೆ ಎರಡೂ ಅಂಚು ನೇರ. ಸಾಲು ಅಂಚು ಮುಟ್ಟಲೆಂದು ಅಚ್ಚುಕೂಟದವರು ಪದಗಳ ನಡುವೆ ಸಂದು ಹಿಗ್ಗಿಸಿದ್ದರು; ಎಲ್ಲೆಂದರಲ್ಲಿ ಪದ ಮುರಿದಿದ್ದರು. ಅಸಲನ್ನು ನಡುವೆ ಮಡಿಸಿಟ್ಟದ್ದರಿಂದ ಮಡಿಕೆಯ ನೆರಳು ಬಲಗಡೆಯ ಸಾಲುಗಳು ಶುರುವಾಗುವ ಅಂಚಿನ ಮೇಲೆ ಕಪ್ಪಾಗಿ ಬಿದ್ದಿತ್ತು. ರೇಣುಕಯ್ಯ ಭೂತಗನ್ನಡಿ ಹಿಡಿದು ಮೂರು ಮಧ್ಯಾಹ್ನ ಕೂತು ಒಂದಕ್ಷರ ಬಿಡದೆ ಇಳಿಸಿದ. ಕಂಡಿಕೆಗಳಿಗೆ ಅಂಕಿ ಇರಲಿಲ್ಲ, ತಾನೇ ಒಂದರಿಂದ ನಾಲ್ಕರವರೆಗೆ ಹಾಕಿದ. ಕೆಳಗೆ ‘ಅಸಲಿನಂತೆ ನಕಲು’ ಎಂದು ಬರೆದು ರುಜು ಹಾಕಿದ.

ಉತ್ತರ ಹೋದ ಸೋಮವಾರ ಬಂತು, ಜೊತೆಗೆ ಆ ನಕಲೂ ವಾಪಸು ಬಂತು. ‘ನೀವೇ ಕಳಿಸಿದ ನಕಲಿನ ಒಂದನೆಯ ಕಂಡಿಕೆಯಂತೆ ಎರಕದ ಭಾಗಗಳಿಗೆ ಐದು ವರ್ಷದ ಭರವಸೆ ಉಂಟು. ಆದರೆ ಎರಡನೆಯ ಕಂಡಿಕೆಯಂತೆ, ಗಿರಾಕಿಯು ಹೊರಗಿನವರಿಂದ ರಿಪೇರಿ ಮಾಡಿಸಿದ್ದಲ್ಲಿ ಈ ಭರವಸೆ ನಿಲ್ಲುವುದಿಲ್ಲ. ನೀವು ಬಡವನಹಳ್ಳಿಯಲ್ಲಿ ಬಾಬಿನ್ ಗೂಡಿಗೆ ಅರ ಹಾಕಿ ಉಜ್ಜಿಸಿದ್ದನ್ನು ಏಜೆಂಟರು ತಿಳಿಸಿದ್ದಾರೆ. ಇದೇ ತಿಂಗಳ ಕೊನೆಗೆ ವಿಷಯ ಮುಕ್ತಾಯ.’

ರೇಣುಕಯ್ಯ ಓದಿ ಹೇಳಿದಾಗ ಗಂಗರತ್ನಮ್ಮ ಅಳಲಿಲ್ಲ. ಬಾಯಲ್ಲಿದ್ದ ದಾರದ ತುಂಡನ್ನು ತೆಗೆದು, “ಅಲ್ಲ ಅಯ್ನೋರೆ, ಮೇಲಿನ ಬಾಬಿನ್ ಗೂಡಿಗೆ ಅರ ಹಾಕಿದ್ರೆ ಕೆಳಗಿನ ಕಾಲು ಹೆಂಗೆ ಮೈಲಿಗೆ ಆಯ್ತದೆ? ಬರೆದೋನು ಅಷ್ಟು ದಡ್ಡನಾ?” ಎಂದಳು.

ಆ ಮಾತು ಅವನಿಗೆ ಮುಳ್ಳಾಗಿ ನಾಟಿತು. ಎರಡು ದಿನ ಫೋಟೋ ತಿರುಗಿಸಿದ, ತಲೆಕೆಳಗು ಮಾಡಿದ, ಕಣ್ಣಲ್ಲಿ ನೀರು ಬಂತೇ ಹೊರತು ಬೇರೇನೂ ಬರಲಿಲ್ಲ. ಗುರುವಾರ ಬೆಳಿಗ್ಗೆ, ಆ ಕಿರ್ರೆನ್ನುವ ಸದ್ದನ್ನು ತಾಳಲಾರದೆ, ಮಸಿಕುಡಿಕೆಗೆ ಮುಚ್ಚಳ ಹಾಕಿ ರುದ್ರಯ್ಯನ ಸ್ಟುಡಿಯೋಗೆ ಹೋದ.

ಕಾಗದದ ಮೇಲೆ ಇಳಿಯದ್ದು ಗಾಜಿನಲ್ಲಿ ಉಳಿದಿರುತ್ತದೆ ಎಂದು ರುದ್ರಯ್ಯ ಗೊಣಗುತ್ತಲೇ ಪೆಟ್ಟಿಗೆಯಿಂದ ನೆಗೆಟಿವ್ ಗಾಜನ್ನು ತೆಗೆದ. ಕಿಟಕಿಗೆ ಹಿಡಿದರೆ ಅಕ್ಷರವೆಲ್ಲ ತಿರುಗುಮುರುಗು. ಇನ್ನೊಂದು ಮಗ್ಗುಲು ಹಿಡಿ ಎಂದು ರುದ್ರಯ್ಯ ಗದರಿದ ಮೇಲೆ ನೆಟ್ಟಗಾಯಿತು. ಕಪ್ಪು ನೆಲದಲ್ಲಿ ಬೆಳಕಿನ ಅಕ್ಷರಗಳು. ಮಡಿಕೆಯ ನೆರಳು ಇಲ್ಲಿ ತೆಳ್ಳಗೆ ನಿಂತಿತ್ತು, ಅದರೊಳಗಿಂದ ಬಲಗಡೆಯ ಸಾಲುಗಳು ಶುರುವಾಗುವ ಅಂಚು ಕಾಣುತ್ತಿತ್ತು.

ರೇಣುಕಯ್ಯ ಒಂದೊಂದೇ ಸಾಲಿನ ಅಂಚು ಸವರಿದ. ಪ್ರತಿ ಕಂಡಿಕೆಯ ಮೊದಲ ಸಾಲು ಒಂದಕ್ಷರದಷ್ಟು ಒಳಸರಿದಿತ್ತು. ಬಲಗಡೆಯ ಮೇಲ್ತುದಿಯ ‘ಗಿರಾಕಿಯು ಹೊರಗಿನವರಿಂದ’ ಮಾತ್ರ ಒಳಸರಿದಿರಲಿಲ್ಲ, ಅಂಚಿಗೇ ಅಂಟಿತ್ತು. ಎಡಗಡೆಯ ಕೊನೆಗೆ ಬಂದ. ಕಂಡಿಕೆ ಮುಗಿಯುವ ಸಾಲು ಸಾಮಾನ್ಯವಾಗಿ ಅರ್ಧಕ್ಕೇ ನಿಂತು, ಮುಂದೆ ಖಾಲಿ ಜಾಗ ಬಿಡಬೇಕು. ಇಲ್ಲಿ ಅಂಚು ಮುಟ್ಟುವವರೆಗೆ ತುಂಬಿತ್ತು. ಅಂದರೆ ಕಂಡಿಕೆ ಮುಗಿದಿರಲಿಲ್ಲ. ಕಾಲಮ್ಮು ಮುಗಿದಿತ್ತು, ಅಷ್ಟೆ. ಸೂಜಿ, ಬೆಲ್ಟು, ಬಾಬಿನ್ ಗೂಡಿಗೆ ಒಂದು ವರ್ಷದ ಭರವಸೆ ಕೊಡುವ ಆ ಕಂಡಿಕೆಯೇ ಬಲಗಡೆಯ ತಲೆಗೆ ಹತ್ತಿ, ‘ಈ ಭರವಸೆ ನಿಲ್ಲುವುದಿಲ್ಲ’ ಎಂದು ಮುಗಿದಿತ್ತು. ಹೊರಗಿನ ರಿಪೇರಿಯ ಮಾತು ಬಾಬಿನ್ ಗೂಡಿಗೆ. ಕಬ್ಬಿಣದ ಕಾಲಿಗೆ ಅದು ಸೋಕುವುದೇ ಇಲ್ಲ.

ಅವನು ಎಡದ ಮೊದಲನೆಯದನ್ನು ಓದಿ ಬಲದ ಮೊದಲನೆಯದಕ್ಕೆ ಹಾರಿದ್ದ, ಆಮೇಲೆ ಎಡದ ಎರಡನೆಯದಕ್ಕೆ ಮರಳಿದ್ದ. ಇಪ್ಪತ್ತಾರು ವರ್ಷ ದಫ್ತರ ಓದಿದ ಕಣ್ಣು. ದಫ್ತರದಲ್ಲಿ ಎಡಕ್ಕೆ ಬಾಬು, ಅದರ ನೇರಕ್ಕೆ ಬಲಕ್ಕೆ ಅದರ ಟಿಪ್ಪಣಿ, ಷರಾ. ಎಡದ ಪ್ರತಿ ಮಾತಿಗೂ ಬಲದಲ್ಲಿ ಒಂದು ಷರಾ ಇರಲೇಬೇಕೆಂದು ಕಣ್ಣು ತಾನೇ ತೀರ್ಮಾನಿಸಿತ್ತು. ಒಂದಕ್ಷರವೂ ತಪ್ಪಿರಲಿಲ್ಲ. ತಪ್ಪಿದ್ದು ಕಂಡಿಕೆಗಳ ಸರದಿ.

ನಾಗಲಿಂಗಯ್ಯನ ಅಂಗಡಿ ಬಸ್ಸು ನಿಲ್ಲುವ ಕಡೆ. ರೇಣುಕಯ್ಯ ಸ್ಟುಡಿಯೋದಲ್ಲೇ ಕೂತು ಹೊಸ ನಕಲು ಬರೆದು, ಗಾಜನ್ನೂ ಕೇಳಿ ತಂದಿದ್ದ. ಕೆಳಗೆ, ಮೊದಲಿನದು ತನ್ನ ತಪ್ಪೆಂದೂ ಬರೆದು ರುಜು ಹಾಕಿದ್ದ. ಗಾಜನ್ನು ಬೆಳಕಿಗೆ ಹಿಡಿದು ಸಾಲು, ಅಂಚು ಎಲ್ಲ ತೋರಿಸಿದ. ನಾಗಲಿಂಗಯ್ಯ ಗಾಜನ್ನು ನೋಡಲಿಲ್ಲ, ಎರಡು ಕಾಗದಗಳನ್ನು ನೋಡಿದ.

“ಎರಡೂ ನಿಮ್ಮ ಕೈಬರಹವೇ, ಎರಡರಲ್ಲೂ ‘ಅಸಲಿನಂತೆ ನಕಲು’. ಯಾವುದನ್ನ ನಂಬಾಣ?”

“ಇದನ್ನ.”

“ನಾಳೆ ಇನ್ನೊಂದು ತಂದ್ರೆ?” ನಾಗಲಿಂಗಯ್ಯ ನಕ್ಕ. “ಸಾಲು ಒಳಗೈತೆ, ಹೊರಗೈತೆ ಅಂತ ಬರೆದ್ರೆ ಬೆಂಗಳೂರಿನೋರು ನನ್ನ ಮಖಕ್ಕೆ ಉಗೀತಾರೆ. ನಿಮ್ಮ ಹೆಸರು ನೋಡೇ ಅಲ್ಲವಾ ನಾನು ಮೊದಲ್ನೇದು ಕಳಿಸಿದ್ದು? ಇದು ಹೊರಗೆ ಬಿದ್ರೆ ನಾಳೆಯಿಂದ ನಿಮ್ಮತ್ರ ಯಾವನು ನಕಲು ತೆಗೆಸ್ತಾನೆ, ರೇಣುಕಯ್ನೋರೆ? ಆ ಹೆಂಗಸಿಗೋಸ್ಕರ ಯಾಕೆ ಹೆಸರು ಕೆಡಿಸ್ಕಂತೀರಿ?”

ರೇಣುಕಯ್ಯ ಮತ್ತೊಮ್ಮೆ ಮೊದಲಿನಿಂದ ವಿವರಿಸಿದ. ತುಂಬಿದ ಸಾಲು, ಒಳಸರಿಯದ ಸಾಲು. ಇಷ್ಟು ಸಣ್ಣದನ್ನು ಒಬ್ಬ ಮನುಷ್ಯನ ಕಣ್ಣಿಗೆ ತುಂಬಿಸಲಾಗದಲ್ಲ ಎಂದು ಗಾಜನ್ನು ಮತ್ತೆ ಬೆಳಕಿಗೆ ಹಿಡಿದ. ನಾಗಲಿಂಗಯ್ಯ ಎಲೆಗೆ ಸುಣ್ಣ ಸವರುತ್ತ, ಅಷ್ಟು ಖಾತ್ರಿಯಿದ್ದರೆ ಬೆಂಗಳೂರಿಗೆ ತಾವೇ ಹೊತ್ತುಕೊಂಡು ಹೋಗಬಹುದೆಂದ.

ಹೊರಗೆ ತುಮಕೂರಿನ ಮೇಲೆ ಬೆಂಗಳೂರಿಗೆ ಹೋಗುವ ಬಸ್ಸು ಹಾರನ್ ಹೊಡೆಯಿತು. ಹಾರನ್ನಿನ ಸದ್ದು ನಿಂತಾಗ ಬೀದಿಯ ಆ ತುದಿಯಿಂದ ಕಿರ್ರೆನ್ನುವುದು ಕೇಳಿಸಿತು. ರೇಣುಕಯ್ಯ ಎರಡೂ ನಕಲುಗಳನ್ನು ಮಡಿಸಿ ಜೇಬಿಗಿಟ್ಟ. ಗಾಜನ್ನು ಹೆಗಲ ವಲ್ಲಿಯಲ್ಲಿ ಮೂರು ಸುತ್ತು ಸುತ್ತಿ ಎದೆಗಾನಿಸಿಕೊಂಡ.

“ಕೂತ್ಕಳಿ, ಎಲೆ ಹಾಕ್ಕಳಿ,” ನಾಗಲಿಂಗಯ್ಯ ಅಡಿಕೆ ಆರಿಸುತ್ತ ತಲೆಯೆತ್ತದೆ ಹೇಳುತ್ತಿದ್ದ. “ನಾನೊಂದು ಉಪಾಯ ಹೇಳ್ತೀನಿ. ಆಯಮ್ಮಂಗೆ ನೀವು ಇಂಗೆ ಹೇಳಿಬುಡಿ, ಫೋಟೋದಾಗೆ ಏನೂ ಕಾಣಾಕಿಲ್ಲ ಅಂತ. ಆಮೇಲೆ ನಾವಿಬ್ರೂ…”

ರೇಣುಕಯ್ಯ ಆಗಲೇ ಬಸ್ಸಿನ ಮೆಟ್ಟಿಲ ಮೇಲಿದ್ದ.