ನಾನೂರು ಸುತ್ತಿಗೂ ಮೊದಲೇ ಹತ್ತಿದ ದೀಪ

ಡೈರಿಯ ಆ ಪುಟಕ್ಕೆ ನಡುವೆ ಗೆರೆ ಎಳೆದು ಎರಡು ಭಾಗ ಮಾಡಿದವನು ನಾನೇ. ಎಡಕ್ಕೆ ಅಕ್ಕ, ಬಲಕ್ಕೆ ಅಣ್ಣ; ಜೊತೆಗೆ ಕೆಲಸ ಮಾಡುತ್ತಿದ್ದ ಇಬ್ಬರನ್ನು ನಾನು ಕರೆಯುತ್ತಿದ್ದದ್ದೇ ಹಾಗೆ. ನೂಲಿನ ಲಡಿಯೊಂದು ತೂಕದಲ್ಲಿ ಕಡಿಮೆ ಬಂದ ಕೂಡಲೇ ಅದನ್ನು ಸುತ್ತಿದವರ ಕಡೆ ಒಂದು ಕಡ್ಡಿ ಗೀಚುತ್ತಿದ್ದೆ. ಮೂರು ವಾರ ಮುಗಿದಾಗ ಅಕ್ಕನ ಕಡೆ ಮೂವತ್ತು ಕಡ್ಡಿ, ಅಣ್ಣನ ಕಡೆ ಹದಿಮೂರು. ಅಚ್ಚುಕಟ್ಟಾದ ಪುಟ. ಅದನ್ನು ಯಜಮಾನರ ಮೇಜಿನ ಮೇಲೆ ಇಟ್ಟವನೂ ನಾನೇ.

ಗದ್ದೆ ಬಯಲಲ್ಲೆಲ್ಲ ಹಿಪ್ಪುನೇರಳೆ ಎದ್ದು ನಿಂತಿದ್ದ ವರ್ಷಗಳು ಅವು. ರಾಮನಗರದ ಕೂಟಗಲ್ ರಸ್ತೆಯಲ್ಲಿ ಗೂಡಿನಿಂದ ರೇಷ್ಮೆ ನೂಲು ಬಿಚ್ಚುವ ಒಂದು ಫಿಲೇಚರ್‌ನಲ್ಲಿ ನನಗೆ ಕೆಲಸ. ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಮುಗಿಸಿ ಮಾಗಡಿ ಕಡೆಯ ಕಲ್ಯದಿಂದ ಬಂದಿದ್ದೆ. ಬಿಚ್ಚಿದ ನೂಲಿನ ದಪ್ಪ ಒಂದೇ ಸಮ ಇದೆಯೇ ಎಂದು ನೋಡಲು ಅಲ್ಲಿ ಒಂದು ಪರೀಕ್ಷೆಯ ಕೋಣೆ ಇತ್ತು. ಬಾಬಿನ್‌ನಿಂದ ನೂಲು ತೆಗೆದು ಅಳತೆಯ ರಾಟೆಗೆ ನಾನೂರು ಸುತ್ತು ಸುತ್ತಬೇಕು. ಅದು ನಾನೂರ ಐವತ್ತು ಮೀಟರಿನ ಒಂದು ಲಡಿ. ನಮ್ಮ ನೂಲಿಗೆ ಅದು ಸುಮಾರು ಒಂದು ಗ್ರಾಂ ತೂಗಬೇಕು. ಆ ತೂಕದಿಂದಲೇ ನೂಲಿನ ಡೆನಿಯರ್, ಅಂದರೆ ದಪ್ಪದ ಅಳತೆ, ಗೊತ್ತಾಗುವುದು. ಸುತ್ತು ಕಡಿಮೆಯಾದರೆ ಒಳ್ಳೆಯ ನೂಲೂ ಸಣಕಲು ಎಂದು ಕಾಣುತ್ತದೆ, ಇಡೀ ಮಾಲು ಕೆಳದರ್ಜೆಗೆ ಬೀಳುತ್ತದೆ.

ರಾಟೆಯ ಸುತ್ತು ಎಣಿಸುವ ಹಳೆಯ ಹಲ್ಲುಚಕ್ರ ಸವೆದಿತ್ತು. ಅದರ ಬದಲು ನಾನು ಒಂದು ಎಲೆಕ್ಟ್ರಾನಿಕ್ ಬೋರ್ಡ್ ಮಾಡಿದ್ದೆ. ರಾಟೆಯ ಅಚ್ಚಿಗೆ ತೂತಿರುವ ತಗಡು, ಒಂದು ಕಡೆ ಬಲ್ಬು, ಇನ್ನೊಂದು ಕಡೆ ಬೆಳಕು ಹಿಡಿಯುವ ಸೆನ್ಸರ್. ಸುತ್ತಿಗೊಂದು ಮಿಡಿತ. ನಾನೂರಾದ ಮೇಲೆ ಬ್ರೇಕ್ ಬಿದ್ದು ಕೆಂಪು ದೀಪ ಹತ್ತಬೇಕು. ನಡುವೆ ನಿಲ್ಲಿಸಬೇಕಾದರೆ ಒಂದು ಗುಂಡಿ; ಅದನ್ನು ಒತ್ತಿದರೂ ಅದೇ ಬ್ರೇಕ್, ಅದೇ ದೀಪ.

ಸೋಮವಾರ ಬೆಳಿಗ್ಗೆ ಯಜಮಾನರು ನನ್ನ ಡೈರಿ ಹಿಡಿದುಕೊಂಡೇ ಕೋಣೆಗೆ ಬಂದರು.

"ಏನಮ್ಮ, ಲಡಿ ಲೆಕ್ಕದಾಗೆ ಕೂಲಿ ಅಂತ ಅರ್ಧಕ್ಕೇ ಗುಂಡಿ ಒತ್ತೀಯಾ?"

ಅಕ್ಕ ಕಬ್ಬಾಳಿನ ಕಡೆಯವಳು. ಮೊದಲು ಅವಳಿಗೆ ಮಾತೇ ಅರ್ಥವಾಗಲಿಲ್ಲ. ಆಮೇಲೆ ಅರ್ಥವಾಯಿತು.

"ಕಬ್ಬಾಳಮ್ಮನಾಣೆ ಒತ್ತಿಲ್ಲ ಸ್ವಾಮಿ. ದೀಪ ಹತ್ತುತ್ತೆ, ನಾನು ಬಿಚ್ಚಿ ತೂಕಕ್ಕೆ ಹಾಕ್ತೀನಿ. ಅಷ್ಟೇಯ."

"ಮೂವತ್ತು ಸಲ ದೀಪ ತಾನಾಗೇ ಹತ್ತುತ್ತಾ? ಈ ಹುಡುಗ ಬರ್ದವ್ನೆ ನೋಡು, ಕಡ್ಡಿ ಕಡ್ಡಿಯಾಗಿ. ಶನಿವಾರ ಲೆಕ್ಕ ಚುಕ್ತಾ ಮಾಡ್ಕೊಂಡು ಹೊರಡು. ಯಾಕೆ ಕೆಲ್ಸದಿಂದ ತೆಗೆದ್ರಿ ಅಂತ ಯಾರಾದ್ರೂ ಕೇಳಿದ್ರೆ, ಇದ್ದಿದ್ದನ್ನೇ ಹೇಳ್ತೀನಿ."

ಅದರ ಅರ್ಥ ಕೋಣೆಯಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಕೈ ಶುದ್ಧವಿಲ್ಲ ಎಂದು ಒಂದು ಫಿಲೇಚರ್ ಹೇಳಿದರೆ ರಾಮನಗರದ ಇನ್ಯಾವ ಫಿಲೇಚರೂ ಅವಳನ್ನು ಒಳಗೆ ಬಿಡುತ್ತಿರಲಿಲ್ಲ. ಅವರು ಹೋದ ಮೇಲೆ ಅಕ್ಕ ನನ್ನ ಕಡೆ ತಿರುಗಿದಳು.

"ನೀನೇನಾ ತಮ್ಮ, ಬರ್ದಿದ್ದು?"

ನಾನು ಹೌದು ಎಂದೆ. ಅವಳು ರಾಟೆಯ ಕಡೆ ತಿರುಗಿದಳು. ಆ ದಿನ ಮಧ್ಯಾಹ್ನ ಬುತ್ತಿಯನ್ನು ಬಿಚ್ಚಲಿಲ್ಲ.

ಆವತ್ತೇ ಸಂಜೆ ತೂಕದ ಪುಸ್ತಕ ತೆಗೆದು ಕೂತೆ. ಕೆಟ್ಟ ಲಡಿಗಳನ್ನು ಎಣಿಸಿದ್ದೆನೇ ಹೊರತು ಒಟ್ಟು ಲಡಿಗಳನ್ನು ಎಣಿಸಿಯೇ ಇರಲಿಲ್ಲ. ಕೂಟಗಲ್ಲಿನ ಅಣ್ಣ ಹುಳಕ್ಕೆ ಸೊಪ್ಪು ಹಾಕಬೇಕೆಂದು ದಿನಾ ಬೇಗ ಮನೆಗೆ ಹೋಗುತ್ತಿದ್ದ. ಮೂರು ವಾರದಲ್ಲಿ ಅವನು ಸುತ್ತಿದ್ದು ಮುನ್ನೂರ ಆರು. ಅಕ್ಕ ಏಳುನೂರ ಇಪ್ಪತ್ತು. ಇಬ್ಬರಿಗೂ ಹೆಚ್ಚುಕಡಿಮೆ ಇಪ್ಪತ್ತನಾಲ್ಕಕ್ಕೆ ಒಂದು. ಅಕ್ಕ ಹೆಚ್ಚು ಕೆಲಸ ಮಾಡಿದ್ದಳು, ಅವಳ ತಪ್ಪು ಅಷ್ಟೇ.

ಮಂಗಳವಾರ ಅದನ್ನು ಯಜಮಾನರಿಗೆ ತೋರಿಸಿದೆ. ಅವರು ಕನ್ನಡಕ ಮೇಲಕ್ಕೆ ಸರಿಸಿ ಎರಡು ಸಲ ನೋಡಿದರು.

"ಅಂದ್ರೆ ಇಬ್ರೂ ಒತ್ತವ್ರೆ ಅಂತ ಲೆಕ್ಕ ತಂದಿದ್ದೀಯ. ಒಳ್ಳೇದಾಯ್ತು. ಶನಿವಾರ ಇಬ್ರೂ ಹೋಗ್ಲಿ."

ಹೊರಗೆ ಅಣ್ಣ ಕಾಯುತ್ತಿದ್ದ. "ಏನ್ಲಾ, ಅವ್ಳನ್ನ ಉಳಿಸಾಕೋಗಿ ನನ್ನೂ ಬಾವಿಗೆ ತಳ್ಳಿಬಂದ್ಯಾ? ನಾಳೆ ಲೆಕ್ಕಾಕೋಗ್ಬ್ಯಾಡ ಕಣಪ್ಪ. ವಾಚ್‌ಮನ್ನೂ ಬಿದ್ದೋಯ್ತಾನೆ."

ನಗು ಬರಲಿಲ್ಲ. ರಾಟೆಯ ಪಕ್ಕ ಸ್ಟೂಲು ಹಾಕಿ ಕೂತೆ. ಆ ದಿನದ ಹತ್ತೊಂಬತ್ತನೆಯ ಲಡಿ. ಅಕ್ಕನ ಎರಡೂ ಕೈ ತಕ್ಕಡಿಯ ಹತ್ತಿರ ಇದ್ದವು. ನಾನು ಮನಸ್ಸಿನಲ್ಲಿ ಎಣಿಸುತ್ತಿದ್ದೆ. ಇನ್ನೂರ ಅರವತ್ತರ ಆಸುಪಾಸಿನಲ್ಲಿ ರಾಟೆ ಗಕ್ಕನೆ ನಿಂತಿತು. ದೀಪ ಹತ್ತಿತು. ಗುಂಡಿಯ ಹತ್ತಿರ ಯಾರೂ ಇರಲಿಲ್ಲ.

ಹಾಗಾದರೆ ಒತ್ತುತ್ತಿದ್ದದ್ದು ನನ್ನ ಬೋರ್ಡು. ಸೆನ್ಸರ್ ಬದಲಿಸಿದೆ, ವೈರುಗಳನ್ನು ದೂರ ಮಾಡಿದೆ, ಕರೆಂಟಿನ ದಾರಿಗೆ ಇನ್ನೊಂದು ಕೆಪಾಸಿಟರ್ ಹಾಕಿದೆ. ಸಂಜೆಯೊಳಗೆ ಮತ್ತೊಂದು ಲಡಿ ಅರ್ಧಕ್ಕೆ ನಿಂತಿತು. ಗೀಚಲು ಕೈ ಏಳಲಿಲ್ಲ, ಆದರೂ ಗೀಚಿದೆ.

ಬುಧವಾರ ಬೋರ್ಡನ್ನು ಟವೆಲಿನಲ್ಲಿ ಸುತ್ತಿ, ತೊಡೆಯ ಮೇಲಿಟ್ಟುಕೊಂಡು ಚನ್ನಪಟ್ಟಣದ ಬಸ್ಸು ಹತ್ತಿದೆ. ನನಗೆ ಪಾಠ ಹೇಳಿದ ಮೇಷ್ಟ್ರೊಬ್ಬರು ಅಲ್ಲಿದ್ದರು. ಅವರ ಲ್ಯಾಬಿನಲ್ಲಿ, ಮಿಡಿತವನ್ನು ಪರದೆಯ ಮೇಲೆ ಗೆರೆಯಾಗಿ ತೋರಿಸುವ ಆಸಿಲೋಸ್ಕೋಪ್ ಇತ್ತು. ಅವರು ನನ್ನ ನಕ್ಷೆಯನ್ನು ಬೆರಳಿಟ್ಟು ಓದಿದರು.

"ಕ್ಲಾಕ್ ಎಷ್ಟೋ?"

"ಸೆಕೆಂಡಿಗೆ ಇಪ್ಪತ್ತು ಲಕ್ಷ ಬಡಿತ ಸಾರ್. ಸಿಕ್ಕಿದ ಕ್ರಿಸ್ಟಲ್ ಅದೇ."

"ಈ ನಿಧಾನದ ಐಸಿಗಳಿಗೆ ಐದು ವೋಲ್ಟ್ ಕೊಟ್ಟು, ಅಷ್ಟು ಜೋರಾಗಿ ಓಡಿಸ್ತಿದ್ದೀಯ. ಸರಿ, ರಾಟೆ ನಿನ್ನ ಕ್ಲಾಕ್ ನೋಡ್ಕೊಂಡು ತಿರುಗುತ್ತಾ?"

ಇಲ್ಲ. ಕ್ಲಾಕ್ ತಾಳ ಹಾಕುವುದು ಬೋರ್ಡಿನ ಒಳಗೆ ಮಾತ್ರ; ರಾಟೆ ತನ್ನ ಪಾಡಿಗೆ ತಿರುಗುತ್ತದೆ. ಅದಕ್ಕೇ ಸೆನ್ಸರಿನ ಮಿಡಿತವನ್ನು ಮೊದಲು ಒಂದು ಫ್ಲಿಪ್-ಫ್ಲಾಪಿಗೆ ಕೊಟ್ಟಿದ್ದೆ. ಕ್ಲಾಕ್ ಬಡಿದ ಕ್ಷಣದಲ್ಲಿ ಒಳಗೆ ಸೊನ್ನೆ ಇದೆಯೋ ಒಂದು ಇದೆಯೋ ಅದನ್ನು ಹಿಡಿದಿಡುವುದು ಅದರ ಕೆಲಸ. ಸಾಕು ಎಂದುಕೊಂಡಿದ್ದೆ.

ಮೇಷ್ಟ್ರು ಸೆನ್ಸರಿನ ಜಾಗಕ್ಕೆ ಮಿಡಿತ ಹುಟ್ಟಿಸುವ ಒಂದು ಯಂತ್ರ ಜೋಡಿಸಿ, ಮಿಡಿತ ಸರಿಯಾಗಿ ಕ್ಲಾಕಿನ ಬಡಿತದ ಹತ್ತಿರವೇ ಬೀಳುವ ಹಾಗೆ ಮಾಡಿದರು. ಪರದೆಯ ಮೇಲೆ ಹಸಿರು ಗೆರೆಗಳು ಮೇಲೆ ಹೋಗುತ್ತಿದ್ದವು, ಕೆಳಗೆ ಬೀಳುತ್ತಿದ್ದವು. ನಡುನಡುವೆ ತೀರ ಮಸುಕಾದ ಒಂದು ಗೆರೆ ಮೇಲೂ ಹೋಗದೆ ಕೆಳಗೂ ಬೀಳದೆ ಅರ್ಧದಲ್ಲಿ ತಂಗಿ, ತಡವಾಗಿ ಒಂದು ಕಡೆ ಸೇರುತ್ತಿತ್ತು.

"ನೀನು ಕೇಳಿದ ಕ್ಷಣದಲ್ಲೇ ಉತ್ತರ ಬದಲಾಗ್ತಾ ಇತ್ತು. ಅದಕ್ಕೆ ತೀರ್ಮಾನ ಮಾಡೋಕೆ ಆಗ್ತಿಲ್ಲ. ಎಷ್ಟು ಹೊತ್ತು ಹೀಗಿರುತ್ತೆ ಅಂತ ಯಾರೂ ಹೇಳೋಕಾಗಲ್ಲ. ಕಾದಷ್ಟೂ ಹೀಗೇ ಉಳಿಯೋ ಸಾಧ್ಯತೆ ಕಡಿಮೆ, ಅಷ್ಟೇ. ನೀನು ಕಾಯ್ತಾ ಇಲ್ಲ."

ನಿಜ. ಒಂದು ಬಡಿತದಿಂದ ಮುಂದಿನದರ ನಡುವೆ ಸಿಗುವ ಕಾಲವನ್ನೆಲ್ಲ ಮುಂದಿನ ಲೆಕ್ಕ ಮಾಡುವ ನನ್ನ ಗೇಟುಗಳ ಸಾಲೇ ನುಂಗುತ್ತಿತ್ತು. ಅರೆಬರೆ ಉತ್ತರ ಒಂದು ದಾರಿಯಲ್ಲಿ 'ಒಂದು' ಎಂದೂ ಇನ್ನೊಂದು ದಾರಿಯಲ್ಲಿ 'ಸೊನ್ನೆ' ಎಂದೂ ತಲುಪುತ್ತಿತ್ತು. ನನ್ನ ಸರ್ಕೀಟಿಗೆ ಮೂರು ಸ್ಥಿತಿಗಳು: ಕಾಯುವುದು, ಎಣಿಸುವುದು, ನಿಲ್ಲುವುದು. ನಾಲ್ಕನೆಯದೊಂದು ಇತ್ತು, ಅದಕ್ಕೆ ನಾನು ಕೆಲಸ ಕೊಟ್ಟಿರಲಿಲ್ಲ. ಎರಡು ಉತ್ತರ ಸಿಕ್ಕಾಗ ಸರ್ಕೀಟು ಆ ನಾಲ್ಕನೆಯದಕ್ಕೆ ಜಾರುತ್ತಿತ್ತು, ಅಲ್ಲಿಂದ ನೇರ ಬ್ರೇಕಿಗೆ.

ಪರಿಹಾರ ಮಿಡಿತ ಹಿಡಿಯುವ ಅದೇ ಐಸಿಯೊಳಗೆ ಇತ್ತು. ಅದರಲ್ಲಿ ಎರಡು ಫ್ಲಿಪ್-ಫ್ಲಾಪ್‌ಗಳು. ಎರಡನೆಯದು ಬೇಡವೆಂದು ನಾನೇ ಅದರ ಇನ್‌ಪುಟ್ ಕಾಲುಗಳನ್ನು ಗ್ರೌಂಡಿಗೆ ಕಟ್ಟಿ ಸುಮ್ಮನಿರಿಸಿದ್ದೆ.

ಗುರುವಾರ ಬೆಳಿಗ್ಗೆ ತಾಮ್ರದ ಗೆರೆ ಕೆರೆದು, ಮೊದಲನೆಯದರ ಉತ್ತರ ಎರಡನೆಯದಕ್ಕೆ ಮಾತ್ರ ಹೋಗುವಂತೆ ಬೆಸೆದೆ. ಉಳಿದ ಸರ್ಕೀಟು ಎರಡನೆಯದನ್ನು ಮಾತ್ರ ಕೇಳಬೇಕು. ಅಕ್ಕ ರಾಟೆ ಒರೆಸುತ್ತ ನೋಡುತ್ತಿದ್ದಳು. ಮೂರು ದಿನದಿಂದ ಅವಳು ನನ್ನೊಡನೆ ಆಡಿದ ಮೊದಲ ಮಾತು ಅದು.

"ಏನಾಗಿತ್ತಂತೆ ಅದಕ್ಕೆ?"

"ಚಂದ್ರಿಕೆ ತಟ್ಟೆಗೆ ಬಿಟ್ಟ ಹಣ್ಣಾದ ಹುಳ ನೋಡಿದೀಯಲ್ಲಕ್ಕ, ತಲೆ ಎತ್ತಿ ಆ ಕಡೆ ಈ ಕಡೆ ಆಡಿಸ್ತಾ ಇರುತ್ತೆ, ಎಲ್ಲಿ ಗೂಡು ಕಟ್ಟಲಿ ಅಂತ. ಆವಾಗಲೇ ಇಬ್ಬರು ನೋಡಿ, ಒಬ್ಬ ಆ ಕಡೆ ಅಂದ, ಒಬ್ಬ ಈ ಕಡೆ ಅಂದ."

"ಒಸಿ ಹೊತ್ತು ಬುಟ್ಟು ನೋಡ್ಬೇಕಪ್ಪ."

"ಅದೇ ಈಗ ಮಾಡಿರೋದು. ಮೊದಲನೇದು ತೀರ್ಮಾನಕ್ಕೆ ಬರೋಕೆ ಒಂದು ಇಡೀ ಬಡಿತ ಬಿಟ್ಟು, ಆಮೇಲೆ ಎರಡನೇದು ನೋಡುತ್ತೆ. ಅದು ಹೇಳಿದ್ದನ್ನೇ ಎಲ್ಲರೂ ಕೇಳ್ತಾರೆ."

"ಅಷ್ಟೊತ್ತಿಗೂ ಕಟ್ಟದಿದ್ರೆ?"

ನನ್ನಲ್ಲಿ ಉತ್ತರ ಇತ್ತು, ಹೇಳುವ ಧೈರ್ಯ ಇರಲಿಲ್ಲ.

ಗುರುವಾರ ಐವತ್ತೇಳು ಲಡಿ, ಕೆಟ್ಟದ್ದು ಸೊನ್ನೆ. ಶುಕ್ರವಾರ ಮಧ್ಯಾಹ್ನದವರೆಗೆ ಸೊನ್ನೆ. ಎರಡೂವರೆಗೆ ಅಕ್ಕನ ಲಡಿಯೊಂದು ತಕ್ಕಡಿಯಲ್ಲಿ ಹಗುರ ಬಂತು. ಅವಳು ಅದನ್ನು ಹಿಡಿದುಕೊಂಡು ಗೋಡೆಗೆ ಒರಗಿದಳು. "ಮುಗೀತು ಬುಡು," ಎಂದಳು. ಲಡಿಯನ್ನು ಮತ್ತೆ ರಾಟೆಗೇರಿಸಿ, ಕೈಯಲ್ಲಿ ತಿರುಗಿಸುತ್ತ ಒಂದೊಂದೇ ಸುತ್ತು ಬಿಚ್ಚಿದೆವು. ಅವಳು ಎಣಿಸುವುದು, ನಾನು ಹತ್ತಕ್ಕೊಂದು ಕಡ್ಡಿ ಗೀಚುವುದು. ಮುನ್ನೂರರ ಮೇಲೆ ಅವಳು ಪ್ರತಿ ಸುತ್ತನ್ನೂ ಬೆರಳಲ್ಲಿ ಹಿಡಿದು ಎಣಿಸತೊಡಗಿದಳು. ಕೊನೆಯ ಎಳೆ ಬಿಟ್ಟಾಗ ನಲವತ್ತು ಕಡ್ಡಿ. ಪೂರಾ ನಾನೂರು. ಆ ಬಾಬಿನ್ನಿನ ನೂಲೇ ನಿಜವಾಗಿ ಸಣಕಲು. ರಾಟೆ ಸುಳ್ಳು ಹೇಳಿರಲಿಲ್ಲ.

ಶನಿವಾರ ಸಂಜೆಗೆ ಒಟ್ಟು ನೂರ ಎಪ್ಪತ್ತೊಂದು. ಹಳೆಯ ಲೆಕ್ಕದಲ್ಲಾದರೆ ಏಳು ಕೆಡಬೇಕಿತ್ತು. ಒಂದೂ ಅರ್ಧಕ್ಕೆ ನಿಂತಿರಲಿಲ್ಲ. ಯಜಮಾನರ ಮುಂದೆ ನಿಂತು ತಪ್ಪು ನನ್ನ ಬೋರ್ಡಿನದು, ಅಕ್ಕನದಲ್ಲ, ಅಣ್ಣನದೂ ಅಲ್ಲ ಎಂದೆ.

"ಇನ್ಮೇಲೆ ಯಾವತ್ತೂ ಆಗಾಕಿಲ್ಲ ಅಂತ ಬರ್ಕೊಡ್ತೀಯೇನ್ಲಾ?"

ಹೂಂ ಎನ್ನುವುದು ಎಷ್ಟು ಸುಲಭವಿತ್ತು. ಅಕ್ಕ ಬಾಗಿಲಲ್ಲಿ ನಿಂತಿದ್ದಳು.

"ಯಾವತ್ತೂ ಅಂತ ಬರೆಯೋಕಾಗಲ್ಲ. ತುಂಬ ತುಂಬ ವರ್ಷಕ್ಕೆ ಒಂದ್ಸಲ ಆಗಬಹುದು. ನಾವು ಯಾರೂ ಇರೋಲ್ಲ, ಆದ್ರೂ ಸೊನ್ನೆ ಅಲ್ಲ."

ಅವರು ನನ್ನನ್ನೇ ನೋಡಿದರು. "ಮೂವತ್ತು ಸಲ ಕೆಟ್ಟಾಗ ನಿನ್ ಬೋರ್ಡ್ ಮೇಲೆ ಅನುಮಾನ ಬರ್ಲಿಲ್ಲ. ಈಗ ಸೊನ್ನೆ ಬಂದಾಗ ಬತ್ತಾ ಐತೆ. ಹೋಗು. ಅವ್ರಿಬ್ರೂ ಇರ್ಲಿ. ಇನ್ಮೇಲೆ ಆ ಡೈರಿ ನನ್ ಮೇಜಿನ ಮ್ಯಾಲೆ ಇಡಬ್ಯಾಡ."

ಹೊರಗೆ ಅಕ್ಕ ಕೇಳಿದಳು: "ನನ್ ಕಡೆ ಗೀಚಿದ್ದು ಹೊಡೆದಾಕ್ತೀಯಾ?" ಹೊಡೆದು ಹಾಕಲಿಲ್ಲ. ಪಕ್ಕದಲ್ಲಿ ಅವಳು ಸುತ್ತಿದ ಒಟ್ಟು ಲಡಿ ಏಳುನೂರ ಇಪ್ಪತ್ತು ಎಂದು ಬರೆದು ತೋರಿಸಿದೆ. ಅವಳಿಗೆ ಅಂಕಿ ಓದಲು ಬರುತ್ತಿತ್ತು. ನೋಡಿ ಸೆರಗು ಸರಿಪಡಿಸಿಕೊಂಡು ಹೋದಳು.

ಆಮೇಲೆ ನಾನು ಅಲ್ಲಿದ್ದಷ್ಟು ದಿನವೂ ದೀಪ ಒಮ್ಮೆಯೂ ಮೊದಲೇ ಹತ್ತಲಿಲ್ಲ. ಅಕ್ಕ ಮಾತ್ರ ಬಾಬಿನ್ ಹಚ್ಚಿ ರಾಟೆ ಶುರುಮಾಡಿದ ಮೇಲೆ ಮೊದಲಿನ ಹಾಗೆ ಹಿಂದಿನ ಲಡಿ ತೂಗಲು ತಕ್ಕಡಿಯ ಕಡೆ ಹೋಗುತ್ತಿರಲಿಲ್ಲ. ಎರಡು ಹೆಜ್ಜೆ ಹಿಂದೆ ಸರಿದು, ಎಲ್ಲರಿಗೂ ಕಾಣುವ ಹಾಗೆ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು, ದೀಪ ಹತ್ತುವವರೆಗೆ ನಿಂತಿರುತ್ತಿದ್ದಳು. ದಿನಕ್ಕೆ ನಲವತ್ತು ಲಡಿ ಸುತ್ತುತ್ತಿದ್ದವಳು ಇಪ್ಪತ್ತಾರಕ್ಕೆ ಇಳಿದಳು, ಕೂಲಿಯೂ ಅಷ್ಟಕ್ಕೇ ಇಳಿಯಿತು. ಡೈರಿಯಲ್ಲಿ ಅದೂ ಇದೆ.