ಹಳೆಯ ಮ್ಯಾನೇಜರರ ಕುರ್ಚಿಯ ಹಿಂದೆ

ಬಂದರಿನ ಕಂಪೆನಿಯ ಕೆಲಸ ಬಿಟ್ಟ ಮೇಲೆ ನಾನು ಕಂಪೆನಿಯವರನ್ನು ನೋಡಿದಷ್ಟು, ಕೆಲಸದಲ್ಲಿದ್ದಾಗಲೂ ನೋಡಿರಲಿಲ್ಲ. ಆಗ ಭಾನುವಾರವಾದರೂ ಅವರ ಮುಖ ತಪ್ಪುತ್ತಿತ್ತು. ಈಗ ಭಾನುವಾರವೇ ಅವರ ಮನೆಗಳಿಗೆ ಹೋಗುವ ದಿನವಾಯಿತು.

ಸರಕನ್ನು ಹಡಗಿಗೆ ಹತ್ತಿಸುವ ವಿಭಾಗದಲ್ಲಿ ನಾನು ಗುಮಾಸ್ತನಾಗಿದ್ದೆ. ರಫ್ತಿನ ಕಾಗದ ಬರೆಯುವುದು, ಕಸ್ಟಮ್ಸ್ ಕಚೇರಿಯಲ್ಲಿ ಕಾಯುವುದು, ಸರಕನ್ನು ಮಚವೆ ದೋಣಿಗೆ ತುಂಬಿಸಿ ಅಳಿವೆಯ ಆಚೆ ಲಂಗರು ಹಾಕಿದ ಹಡಗಿಗೆ ಮುಟ್ಟಿಸುವುದು, ಇದೇ ಕೆಲಸ. ಇದನ್ನೇ ಸ್ವಂತಕ್ಕೆ ಮಾಡಿದರೆ ಹೇಗೆ ಎಂಬ ಹುಚ್ಚು ಹತ್ತಿತು. ನನ್ನ ಹೆಸರಿನಲ್ಲಿ ಕಸ್ಟಮ್ಸ್ ಪರವಾನಗಿ ಪಡೆದೆ. ಬಂದರಿನ ಗಲ್ಲಿಯಲ್ಲಿ ಒಂದು ಕೋಣೆ ಹಿಡಿದೆ. ಬೋರ್ಡನ್ನೂ ಹಾಕಿದೆ. ಗಿರಾಕಿಗಳು ಮಾತ್ರ ಬರಲಿಲ್ಲ. ಒಬ್ಬ ಒಣಮೀನಿನ ವ್ಯಾಪಾರಿ ಆಗಾಗ ಬರುತ್ತಿದ್ದ, ಅದೂ ಹೆಚ್ಚಾಗಿ ಹರಟೆಗೆ.

ಮಳೆಗಾಲ ಬಂದು ಬಂದರು ಮುಚ್ಚಿತು. ಮಳೆ ಮುಗಿದು ಹಡಗು ಬರುವುದರೊಳಗೆ ಒಬ್ಬ ಖಾಯಂ ರಫ್ತುದಾರ ಸಿಗದಿದ್ದರೆ ಬೋರ್ಡು ಇಳಿಸಿ ಹಳೆಯ ಮೇಜಿಗೆ ಮರಳಬೇಕು, ಅದೂ ಅವರು ಕರೆದರೆ ಎಂದು ನನ್ನ ಹೆಂಡತಿ ಹೇಳಿದಳು. ಅವಳು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಅದಕ್ಕೇ ನನಗೆ ಸಿಟ್ಟು ಬಂತು.

ಹಾಗಾಗಿ ಹಳಬರ ಮನೆಗಳಿಗೆ ಅಲೆದಾಟ ಶುರುವಾಯಿತು. ಕಂಪೆನಿ ಬಿಟ್ಟವರು ಊರಿಡೀ ಹರಡಿದ್ದರು. ಒಬ್ಬ ಹಂಚಿನ ಕಾರ್ಖಾನೆಯಲ್ಲಿ ಲೆಕ್ಕಿಗ, ಒಬ್ಬ ವಿಮಾ ಕಚೇರಿಯಲ್ಲಿ, ಇನ್ನೊಬ್ಬ ಬ್ಯಾಂಕಿನಲ್ಲಿ. ವರ್ಷಕ್ಕೊಮ್ಮೆ ಎಲ್ಲರೂ ಸೇರಿ ಊಟ ಮಾಡುವ ಪದ್ಧತಿಯಿತ್ತು. ಆದರೆ ಅಲ್ಲಿ ಕೆಲಸದ ಮಾತು ಎತ್ತಿದರೆ ಎಲ್ಲರ ಕಣ್ಣು ಎಲೆಯ ಮೇಲೆ ಹೋಗುತ್ತಿತ್ತು. ಆಮೇಲೆ ಮನೆಗೇ ಹೋಗಿ ಕೇಳಬೇಕು. ಮೊದಲ ಕಾಫಿಗೆ ಅವರ ಮಂಡಿನೋವಿನ ವಿಷಯ, ಎರಡನೆಯದಕ್ಕೆ ಮಗಳ ಮದುವೆಯ ವಿಷಯ. ಎದ್ದು ಚಪ್ಪಲಿ ಹಾಕುವಾಗ, "ಎಂತ, ಕೆಲಸ ಹೇಗೆ ಉಂಟು?" ಎಂದು ಅವರೇ ಕೇಳಬೇಕು. ಅಲ್ಲಿಯವರೆಗೆ ನನ್ನ ವಿಷಯ ಎತ್ತುವ ಹಾಗಿಲ್ಲ. ಎಷ್ಟೋ ಮನೆಗಳಲ್ಲಿ ಚಪ್ಪಲಿ ಹಾಕಿದರೂ ಕೇಳುತ್ತಿರಲಿಲ್ಲ. ಕಾಫಿ ಕುಡಿದು ಎದೆಯುರಿ ಹತ್ತಿದ್ದಷ್ಟೇ ಲಾಭ.

ಕೊನೆಗೆ ನಮ್ಮ ಹಳೆಯ ಟೈಪಿಸ್ಟ್ ಒಂದು ಸುದ್ದಿ ಕೊಟ್ಟ. ಅವನೀಗ ಒಂದು ಗೇರುಬೀಜದ ಕಾರ್ಖಾನೆಯ ಕಚೇರಿಯಲ್ಲಿದ್ದ.

"ನಮ್ಮ ಧಣಿ ಇಷ್ಟರವರೆಗೆ ದೊಡ್ಡ ವ್ಯಾಪಾರಿಗಳಿಗೆ ಮಾರ್ತಿದ್ರು. ಈ ವರ್ಷ ಅವರೇ ಹೊರದೇಶಕ್ಕೆ ಕಳಿಸ್ತಾರಂತೆ. ಏಜೆಂಟ್ ಬೇಕು. ಆದ್ರೆ ನನ್ನ ಮಾತು ಅಲ್ಲಿ ನಡೀಲಿಕ್ಕಿಲ್ಲ ಮಾರಾಯ. ನಮ್ಮ ಸರ್ ಹೇಳಿದ್ರೆ ನಡೀತದೆ. ಧಣಿಗೆ ಅವರ ಪರಿಚಯ ಉಂಟು."

ಸರ್ ಎಂದರೆ ನಮ್ಮ ವಿಭಾಗದ ಮ್ಯಾನೇಜರರಾಗಿದ್ದವರು. ಕೊಂಕಣಿ ಮಾತಾಡುವ ಕ್ರಿಶ್ಚಿಯನ್ನರು, ನಿವೃತ್ತರಾಗಿ ಕಂಕನಾಡಿಯ ಮನೆಯಲ್ಲಿದ್ದರು. ನಾನು ಹೋದಾಗ ಜಗಲಿಯಲ್ಲಿ ಕುಳಿತು ರಸ್ತೆ ನೋಡುತ್ತಿದ್ದರು. ರಸ್ತೆಯಲ್ಲಿ ನೋಡುವಂಥದ್ದೇನೂ ಇರಲಿಲ್ಲ. ನಾನು ವಿಷಯ ಹೇಳಿದೆ. ಅವರು ಒಂದೇ ಪ್ರಶ್ನೆ ಕೇಳಿದರು.

"ಅದು ಕಂಪೆನಿಯ ಗಿರಾಕಿ ಅಲ್ವಲ್ಲ?"

"ಅಲ್ಲ ಸರ್. ಹೊಸಬರು."

"ಹಾಗಾದ್ರೆ ಬರ್ತೇನೆ. ನಾವು ಉಂಡ ಮನೆಯ ಗಿರಾಕಿಯನ್ನು ಮುಟ್ಟುವುದು ಬೇಡ. ನಾನು ಬಾಯಿ ಬಿಟ್ಟು ಹೇಳಿದ್ರೆ ಅದು ನನ್ನ ಹೆಸರಿನ ಪ್ರಶ್ನೆ, ಗೊತ್ತುಂಟಲ್ಲ?"

ಗೊತ್ತಿತ್ತು. ಶಿಫಾರಸಿನ ಚೀಟಿ ಬರೆದುಕೊಡುವವರು ಬೇಕಾದಷ್ಟಿದ್ದರು. ಜೊತೆಗೆ ಬರುತ್ತೇನೆಂದವರು ಇವರೊಬ್ಬರೇ. ಆ ದಿನ ಅವರ ಕಾಲಿಗೆ ಬೀಳಬೇಕೆನಿಸಿತು.

ಹೋಗುವ ದಿನ ಅವರು ಹಳೆಯ ಕೋಟು ಹಾಕಿ, ಚರ್ಮದ ಚೀಲ ಹಿಡಿದು ನಿಂತಿದ್ದರು. ಚೀಲದಲ್ಲಿ ಏನಿತ್ತೋ ದೇವರಿಗೇ ಗೊತ್ತು. ಕಂಡ ಕೂಡಲೇ ನಾನು ಕೈ ಚಾಚಿದೆ, ಅವರು ಕೊಟ್ಟರು. ಇಬ್ಬರೂ ಯೋಚಿಸಲಿಲ್ಲ.

ಧಣಿಯ ಕೋಣೆಯಲ್ಲಿ ಮೇಜಿನ ಮುಂದೆ ಒಂದೇ ಕುರ್ಚಿ, ಗೋಡೆಯ ಹತ್ತಿರ ಒಂದು ಬೆಂಚು. ಸರ್ ಕುರ್ಚಿಯಲ್ಲಿ ಕುಳಿತರು. ನಾನು ಬೆಂಚಿನಲ್ಲಿ ಕೂರಬಹುದಿತ್ತು. ಆದರೆ ನನ್ನ ಕಾಲು ತಾನಾಗಿ ಕುರ್ಚಿಯ ಹಿಂದೆ, ಸ್ವಲ್ಪ ಎಡಕ್ಕೆ ಹೋಗಿ ನಿಂತಿತು. ಆಫೀಸಿನಲ್ಲಿ ವರ್ಷಗಟ್ಟಲೆ ನಾನು ನಿಂತ ಜಾಗವದು. ಕೈಯಲ್ಲಿ ಅವರ ಚೀಲ.

ಸರ್ ಮಾತಾಡಿದರು. ಅಳಿವೆಯಲ್ಲಿ ಮಚವೆ ಸಿಕ್ಕಿಬಿದ್ದ ಕಥೆ, ಗೇರುಬೀಜದ ತಗಡಿನ ಡಬ್ಬಿ ಜಜ್ಜಿಹೋಗದಂತೆ ಪೆಟ್ಟಿಗೆ ಹೇಗೆ ಜೋಡಿಸಬೇಕು ಎಂಬುದು, ಎಲ್ಲ ಹೇಳಿದರು. ಧಣಿ ಬಾಯಿ ತೆರೆದು ಕೇಳಿದರು. ಕೊನೆಗೆ ಸರ್ ನನ್ನತ್ತ ತಿರುಗಿ, "ಇವನು ನಮ್ಮ ಹುಡುಗ. ಕೆಲಸದಲ್ಲಿ ಗಟ್ಟಿ" ಎಂದರು. ನನಗೆ ಆಗಲೇ ತಲೆಯಲ್ಲಿ ನರೆ ಬಂದಿತ್ತು.

ಧಣಿಗೆ ಖುಷಿಯಾಯಿತು. "ನೀವೇ ನೋಡಿಕೊಳ್ತೀರಾದ್ರೆ ನನಗೆ ಮತ್ತೆಂತ ಚಿಂತೆ? ಇವರು ಓಡಾಡ್ಲಿ, ನೀವು ಹೇಳಿ ಮಾಡಿಸಿ."

ಸರ್ ತಿದ್ದುತ್ತಾರೆಂದು ಕಾದೆ. ಅವರು ಕೋಟಿನ ಗುಂಡಿ ಮುಟ್ಟಿಕೊಂಡು, "ಆಗಬಹುದು" ಎಂದರು.

ಹೊರಗೆ ಬಂದ ಮೇಲೆ ಅವರು ಬೆನ್ನು ನೆಟ್ಟಗೆ ಮಾಡಿ ನಡೆದರು. "ನಾಳೆ ನಿನ್ನ ರೂಮಿಗೆ ಬರ್ತೇನೆ" ಎಂದರು. ಬಂದರು ಕೂಡ. ನನ್ನ ಒಂದೇ ಕುರ್ಚಿಯಲ್ಲಿ ಕುಳಿತು, ಕಿಟಕಿ ತೆರೆಸಿದರು, ಚಹಾ ತರಿಸಿದರು. ಒಣಮೀನಿನವನು ಅವರಿಗೇ ನಮಸ್ಕಾರ ಮಾಡಿದ. ಸ್ವಂತ ಕೆಲಸಕ್ಕೆಂದು ಹೊರಬಿದ್ದವನು ಮತ್ತೆ ಅದೇ ಮನುಷ್ಯನ ಕೈಕೆಳಗೆ ಬಂದಿದ್ದೆ. ಜಗಳವಾಡುವಷ್ಟು ತ್ರಾಣವೂ ಇರಲಿಲ್ಲ. ಅವರ ಮುಖದಲ್ಲಿ ಎಷ್ಟೋ ಕಾಲದ ನಂತರ ಕಳೆ ಬಂದಿತ್ತು ನೋಡಿ, ಅದನ್ನು ಹೇಗೆ ಅಳಿಸುವುದು?

ಮೊದಲ ಸರಕು ಹೊರಡುವ ಹೊತ್ತಿಗೆ ಯಾರ ಕೈಕೆಳಗೆ ಯಾರು ಎಂಬ ಪ್ರಶ್ನೆ ತಾನಾಗಿ ಮೇಜಿಗೆ ಬಂತು. ರಫ್ತುದಾರ ತನ್ನ ಏಜೆಂಟ್ ಯಾರೆಂದು ಕಸ್ಟಮ್ಸ್‌ಗೆ ಬರೆದುಕೊಡಬೇಕು. ಧಣಿಯ ಕಚೇರಿಯಲ್ಲಿ ಟೈಪಿಸ್ಟ್ ಆ ಕಾಗದದಲ್ಲಿ ಸರ್ ಅವರ ಹೆಸರನ್ನೇ ಟೈಪು ಮಾಡಿ, ನನ್ನನ್ನು ನೋಡಿ ಪಿಸುಗುಟ್ಟಿದ, "ಧಣಿ ಹೀಗೇ ಹೇಳಿದ್ದು. ಇದು ನಡೀತದಾ?" ನಡೆಯುವುದಿಲ್ಲ. ಸರ್ ಬಳಿ ಪರವಾನಗಿ ಇರಲಿಲ್ಲ.

ನಾನೇ ಒಳಗೆ ಹೋಗಿ ಹೇಳಿದೆ. "ಏಜೆಂಟ್ ನಾನು. ಸರ್ ನನ್ನನ್ನು ಪರಿಚಯ ಮಾಡಿಸಲಿಕ್ಕೆ ಬಂದವರು."

ಧಣಿ ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಹೌದಾ? ಮತ್ತೆ ಆ ದಿನ ಯಾಕೆ ನಿಂತುಕೊಂಡಿದ್ದದ್ದು?"

ಈಗಲೂ ನಿಂತೇ ಇದ್ದೆ.

"ಅವರು ಬಂದು ಹೇಳಲಿ. ನಾನು ಅವರ ಮುಖ ನೋಡಿ ಒಪ್ಪಿದ್ದು" ಎಂದರು ಧಣಿ. ವಿಷಯ ತಿಳಿಸಿ ಕಂಕನಾಡಿಗೆ ಜನ ಕಳಿಸಿದರು. ನಾನು ಬೆಂಚಿನಲ್ಲಿ ಕುಳಿತು ಕಾದೆ. ಸರ್ ಮುನಿಸಿಕೊಂಡು ಬಾರದಿದ್ದರೆ ನನ್ನ ಅಂಗಡಿ ಮುಗಿಯಿತು. ಬಂದು, ನಾನೇ ನೋಡಿಕೊಳ್ಳುತ್ತೇನೆ ಎಂದರೂ ಮುಗಿಯಿತು.

ಸರ್ ಬಂದರು. ಕೋಟು ಹಾಕಿರಲಿಲ್ಲ, ಚೀಲ ಮಾತ್ರ ಇತ್ತು. ಧಣಿ ಕುರ್ಚಿ ತೋರಿಸಿದರು. ಸರ್ ಕೂರಲಿಲ್ಲ. ಕುರ್ಚಿಯ ಬೆನ್ನು ಹಿಡಿದು ಸ್ವಲ್ಪ ಹಿಂದಕ್ಕೆ ಎಳೆದು, ನನ್ನನ್ನು ನೋಡಿದರು.

"ಕೂತ್ಕೊ ಮಾರಾಯ. ಏಜೆಂಟ್ ನೀನಲ್ವಾ?"

ಕುಳಿತೆ. ಅವರು ಹಿಂದೆ, ಸ್ವಲ್ಪ ಎಡಕ್ಕೆ ನಿಂತರು. "ಪರವಾನಗಿ ಇವರದ್ದು. ಕೆಲಸವೂ ಇವರದ್ದು. ಹೇಳಿದ್ದು ಮಾತ್ರ ನಾನು" ಎಂದರು. ನನ್ನನ್ನು ಅವರು 'ಇವರು' ಎಂದದ್ದು ಅದೇ ಮೊದಲು. ಧಣಿ ಹೊಸ ಕಾಗದ ಟೈಪು ಮಾಡಿಸಿ ಸಹಿ ಹಾಕಿದರು. ಆ ಸಹಿಯ ಮೇಲೆ ನನ್ನ ಮುಂದಿನ ಸಂಸಾರವೆಲ್ಲ ನಡೆಯಿತು. ಆದರೆ ಆ ಹೊತ್ತು ನನಗೆ ಕೇಳಿಸುತ್ತಿದ್ದದ್ದು ಬೆನ್ನ ಹಿಂದಿನ ಮುದಿ ಉಸಿರು ಮಾತ್ರ.

ಹೊರಗೆ ಬಂದಾಗ ಬಿಸಿಲಿತ್ತು. ಗೇಟಿನವರೆಗೆ ನಡೆದೆವು. ಅಭ್ಯಾಸಬಲದಿಂದ ನಾನು ಚೀಲಕ್ಕೆ ಕೈ ಚಾಚಿದೆ.

"ಬೇಡ" ಎಂದರು ಸರ್. "ನಾನೇ ಹಿಡ್ಕೊಳ್ತೇನೆ."