ಸಿಗರೇಟು ಬಿಟ್ಟ ಅಂಗಡಿ

ಮುಲುಂಡ್ ಸ್ಟೇಷನ್ನಿಗೆ ಹೋಗುವ ಗಲ್ಲಿಯಲ್ಲಿ ನನ್ನದೊಂದು ಕಿರಾಣಿ ಅಂಗಡಿ. ಹಾಲು, ಬ್ರೆಡ್ಡು, ಸೋಪು ಎಲ್ಲ ಇದೆ. ಆದರೆ ಇಷ್ಟು ವರ್ಷ ಗಿರಾಕಿಗಳನ್ನು ಎಳೆದು ತಂದದ್ದು ನನ್ನ ಬೆನ್ನ ಹಿಂದಿನ ಸಿಗರೇಟಿನ ಕಪಾಟು. ಪಕ್ಕದಲ್ಲಿ ತಂಬಾಕಿನ ಪುಡಿಗಳ ಸರ, ಮುಂದೆ ದಾರಕ್ಕೆ ಕಟ್ಟಿದ ಲೈಟರು. ಗಿರಾಕಿ ಬಾಯಿ ತೆರೆಯುವ ಮೊದಲೇ ನನ್ನ ಕೈ ತಾನಾಗಿ ಹಿಂದಕ್ಕೆ ಹೋಗಿ ಅವನ ಬ್ರ್ಯಾಂಡು ತೆಗೆದಿರುತ್ತಿತ್ತು. ಕಣ್ಣು ಮುಚ್ಚಿಕೊಂಡೂ ತೆಗೆಯುತ್ತಿದ್ದೆ.

ಈ ವ್ಯಾಪಾರದಲ್ಲಿ ಬಹಳ ಲಾಭವಿದೆ ಎಂದು ಜನ ತಿಳಿದಿದ್ದಾರೆ. ಎಲ್ಲಿಯ ಲಾಭ! ಬಿಸ್ಕತ್ತಿನವನು ಸಾಲಕ್ಕೆ ಮಾಲು ಹಾಕಿ ಹೋಗುತ್ತಾನೆ, ಸಿಗರೇಟಿನ ಸೇಲ್ಸ್‌ಮನ್ ಕೈಗೆ ರೊಕ್ಕ ಬೀಳುವವರೆಗೆ ಚೀಲ ಬಿಚ್ಚುವುದಿಲ್ಲ. ಪ್ಯಾಕೆಟ್ಟು ಮಾರಿದರೆ ಉಳಿಯುವುದು ಚಿಲ್ಲರೆ. ಬಿಡಿಯಾಗಿ ಮಾರಿದರೆ ಸ್ವಲ್ಪ ಹೆಚ್ಚು. ಆದರೆ ಈ ರಾಜ್ಯದಲ್ಲಿ ಬಿಡಿ ಮಾರುವ ಹಾಗಿಲ್ಲ. ಬಿಡಿ ಕೊಂಡವನಿಗೆ ಪ್ಯಾಕೆಟ್ಟಿನ ಮೇಲಿನ ಎಚ್ಚರಿಕೆಯ ಚಿತ್ರ ಕಾಣುವುದಿಲ್ಲವಲ್ಲ. ಹಾಗೆಂದು ಬೆಳಗಿನ ಅವಸರದಲ್ಲಿ ಇಡೀ ಪ್ಯಾಕೆಟ್ಟು ಯಾರು ಕೊಳ್ಳುತ್ತಾರೆ? ಗಲ್ಲಿಯವರೆಲ್ಲ ಬಿಡಿಯೇ ಮಾರುತ್ತಿದ್ದರು, ನಾನೂ ಮಾರುತ್ತಿದ್ದೆ, ಖಾಕಿ ಬಟ್ಟೆ ಕಂಡಾಗಲೆಲ್ಲ ತೆರೆದ ಪ್ಯಾಕೆಟ್ಟನ್ನು ಕಟ್ಟೆಯ ಕೆಳಗೆ ತಳ್ಳುತ್ತಿದ್ದೆ. ನಿಜವಾದ ಗಳಿಕೆ ಸಿಗರೇಟಿನ ಬೆನ್ನಿಗೇ ಹೋಗುವ ಪೆಪ್ಪರಮಿಂಟು, ನೀರಿನ ಬಾಟಲಿ, ಚಿಪ್ಸುಗಳಲ್ಲಿತ್ತು.

ಆ ಗಿರಾಕಿಗಳಲ್ಲಿ ಒಬ್ಬರು ಮೈಸೂರಿನವರು. ಫೋರ್ಟಿನ ಆಫೀಸೊಂದರಲ್ಲಿ ಲೆಕ್ಕಪತ್ರ ನೋಡುವವರು, ನನಗಿಂತ ಸ್ವಲ್ಪ ದೊಡ್ಡವರು. ಅವರನ್ನು ಸರ್ ಎನ್ನುತ್ತಿದ್ದೆ. ಬೆಳಿಗ್ಗೆ ಲೋಕಲ್ ರೈಲು ಹಿಡಿಯುವ ಮುಂಚೆ ನನ್ನಲ್ಲಿ ಒಂದು ಸಿಗರೇಟು ಹಚ್ಚಿ, ಅದು ಮುಗಿಯುವ ತನಕ ಕಟ್ಟೆಗೆ ಒರಗಿ ನಿಲ್ಲುತ್ತಿದ್ದರು. ನಾನು ವಿಜಯಪುರದ ಕಡೆಯವನು. ನನ್ನ ಮಾತು ಕೇಳಿ ಅವರು ನಗುವರು, ಅವರ ಮಾತು ಕೇಳಿ ನಾನು. ದಿನವಿಡೀ ಹಿಂದಿ, ಮರಾಠಿಯಲ್ಲಿ ಬಡಬಡಿಸುವ ನನಗೆ ಹೊಟ್ಟೆ ತುಂಬ ಕನ್ನಡ ಸಿಗುತ್ತಿದ್ದದ್ದು ಆ ಒಂದು ಸಿಗರೇಟಿನ ಹೊತ್ತು ಮಾತ್ರ. ಹೆಂಡತಿ ತೀರಿಕೊಂಡ ಮೇಲಂತೂ ನನಗೆ ಅದೇ ದೊಡ್ಡ ಆಸರೆಯಾಗಿತ್ತು.

ಒಂದು ಬೆಳಿಗ್ಗೆ ಅವರು ಸಿಗರೇಟು ಬೇಡವೆಂದರು. ಡಾಕ್ಟರು ಬೈದಿದ್ದರಂತೆ, ಹೆಂಡತಿ ಅತ್ತಿದ್ದರಂತೆ. ಇವತ್ತಿಗೆ ಬಿಟ್ಟೆ ಎಂದು ನನ್ನ ಕೈ ಹಿಡಿದು ಕುಲುಕಿದರು. ನನಗೆ ಖುಷಿಯೇ ಆಯಿತು, ದೇವರಾಣೆ.

ಮರುದಿನದಿಂದ ಅವರು ರಸ್ತೆಯ ಆಚೆ ಬದಿಯಲ್ಲಿ ನಡೆಯತೊಡಗಿದರು. ಒಮ್ಮೆ ಕೈ ಬೀಸಿ ಕರೆದೆ. ಗಡಿಯಾರ ತೋರಿಸಿ, ತಲೆ ತಗ್ಗಿಸಿ ಹೋಗಿಬಿಟ್ಟರು. ಅವರ ಮನೆಯ ಹಾಲು, ಬ್ರೆಡ್ಡೂ ಬೇರೆ ಅಂಗಡಿಯಿಂದ ಬರತೊಡಗಿದವು. ನನಗೇನೂ ಇದು ಹೊಸದಲ್ಲ. ಸಿಗರೇಟು ಬಿಟ್ಟವರೆಲ್ಲ ಮಾಡುವುದು ಹೀಗೇ. ನನ್ನ ಮುಖ ಕಂಡರೆ ಹಿಂದಿನ ಕಪಾಟೂ ಕಾಣುತ್ತದೆ, ಚಪಲ ಏಳುತ್ತದೆ. ಬೇರೆಯವರು ಹೋದಾಗ ಹೋಗಲಿ ಬಿಡು ಎನ್ನುತ್ತಿದ್ದೆ. ಇವರು ಹೋದದ್ದಕ್ಕೆ ಮಾತ್ರ ಸಂಕಟವಾಯಿತು. ಬೆಳಗಾದರೆ ಆಚೆ ಬದಿಯನ್ನೇ ನೋಡುತ್ತ ಕೂರುವುದು ಅಭ್ಯಾಸವಾಯಿತು. ಮಳೆಗಾಲ ಕಳೆಯಿತು, ದೀಪಾವಳಿ ಕಳೆಯಿತು, ಅವರು ಮಾತ್ರ ಈಚೆಗೆ ದಾಟಲಿಲ್ಲ.

ಕೊನೆಗೆ ಸಾಕಪ್ಪಾ ಸಾಕು ಅನ್ನಿಸಿ, ತಂಬಾಕನ್ನೇ ನಿಲ್ಲಿಸಲು ನಿಶ್ಚಯಿಸಿದೆ. ನಿಲ್ಲಿಸುವ ಮುಂಚೆ ಖಾಯಂ ಗಿರಾಕಿಗಳಿಗೆ ತಿಳಿಸುವುದು ಮರ್ಯಾದೆ ಎಂದು ಪತ್ರ ಬರೆದೆ. ನಾನು ಓದಿ ಹೇಳಿದೆ, ಮಗಳು ಅದನ್ನು ಹಿಂದಿಗೆ, ಮರಾಠಿಗೆ ತಿರುಗಿಸಿ ಪ್ರಿಂಟ್ ತೆಗೆದಳು. ಇಷ್ಟು ಉದ್ದ ಯಾಕೆ, ಸಿಗರೇಟ್ ಬಂದ್ ಎಂದು ಬೋರ್ಡು ಹಾಕಿದರೆ ಮುಗಿಯಿತು ಎಂದು ಗೊಣಗಿದಳು. ಅವಳಿಗೆ ಕನ್ನಡ ಓದಲು ಬಾರದು. ಕನ್ನಡದ ಪ್ರತಿ ಒಂದೇ ಒಂದು, ನಾನೇ ಕೈಯಾರೆ ಬರೆದದ್ದು. ಅದನ್ನು ಸರ್ ಇರುವ ಬಿಲ್ಡಿಂಗಿನ ವಾಚ್‌ಮನ್ ಕೈಗೆ ಕೊಟ್ಟು ಬಂದೆ.

"ನಮ್ಮ ಗಿರಾಕಿಗಳಿಗೆ ನಮಸ್ಕಾರ.

ಬರುವ ತಿಂಗಳ ಮೊದಲ ತಾರೀಖಿನಿಂದ ಈ ಅಂಗಡಿಯಲ್ಲಿ ಸಿಗರೇಟು, ಬೀಡಿ, ತಂಬಾಕಿನ ಪುಡಿ ಸಿಗುವುದಿಲ್ಲ. ಪ್ಯಾಕೆಟ್ಟೂ ಇಲ್ಲ, ಬಿಡಿಯೂ ಇಲ್ಲ. ಲೈಟರು ಸಹ ತೆಗೆಯುತ್ತೇನೆ. ಗುರುತಿನವನೆಂದು ಒಳಗಿನಿಂದ ಒಂದು ಕೊಡು ಎಂದು ಯಾರೂ ಕೇಳಬೇಡಿರಿ, ಒಳಗೂ ಇರುವುದಿಲ್ಲ.

ನಾನು ನಿಮಗೆ ಬುದ್ಧಿ ಹೇಳುತ್ತಿಲ್ಲ. ಇಷ್ಟು ವರ್ಷ ಮಾರಿದವನಿಗೆ ಆ ಬಾಯಿ ಇಲ್ಲ. ಕಾನೂನಿನ ಹೆದರಿಕೆ ಇದೆ, ಹೌದು. ಆದರೆ ಮುಖ್ಯ ಕಾರಣ ಬೇರೆ. ನಿಮ್ಮಲ್ಲಿ ಯಾರಾದರೂ ಇದನ್ನು ಬಿಟ್ಟರೆ ನನ್ನನ್ನೂ ಬಿಡುತ್ತೀರಿ. ಈ ಕಪಾಟಿಗೆ ಹೆದರಿ ಆಚೆ ಬದಿಯಿಂದ ಹೋಗುತ್ತೀರಿ. ಬಿಟ್ಟವರು ಹೀಗೆ ಹೋದರು, ಬಿಡದವರಲ್ಲಿ ಕೆಲವರು ಲೋಕವನ್ನೇ ಬಿಟ್ಟು ಹೋದರು. ಎರಡೂ ಕಡೆಯಿಂದ ಗಿರಾಕಿ ಕಳೆದುಕೊಂಡು ಕೂತಿದ್ದೇನೆ. ನನಗೆ ದಣಿವಾಗಿದೆ.

ಇನ್ನು ಮೇಲೆ ಹೆದರದೆ ಬನ್ನಿರಿ. ಏನೂ ಕೊಳ್ಳದಿದ್ದರೂ ನಡೆದೀತು."

ಸೇಲ್ಸ್‌ಮನ್ ನಂಬಲಿಲ್ಲ. ಅಂಗಡಿಯಲ್ಲಿ ಕಪಾಟು ಇಟ್ಟುಕೊಂಡದ್ದಕ್ಕೆ ಕಂಪನಿ ನನಗೆ ತಿಂಗಳಿಗಿಷ್ಟು ಎಂದು ಕೊಡುತ್ತಿದ್ದ ಬಾಡಿಗೆ ಹೆಚ್ಚಿಸಿಕೊಳ್ಳಲು ಇದೊಂದು ನಾಟಕವೆಂದು ತಿಳಿದು, ಅದನ್ನು ಏರಿಸುವ ಆಸೆ ತೋರಿಸಿದ. ನಾನು ಒಪ್ಪದಿದ್ದಾಗ ಮುಖ ಗಂಟಿಕ್ಕಿಕೊಂಡು ಇಬ್ಬರನ್ನು ಕರೆತಂದು ಕಪಾಟು ಬಿಚ್ಚಿಸಿಕೊಂಡು ಹೋದ. ಮಾಲು ಮಾತ್ರ ವಾಪಸು ತೆಗೆದುಕೊಳ್ಳಲಿಲ್ಲ. ಉಳಿದದ್ದನ್ನು ಸ್ಟೇಷನ್ ಮೆಟ್ಟಿಲ ಹತ್ತಿರದ ಟಪರಿಯವನಿಗೆ ಅಸಲಿಗೇ ಕೊಟ್ಟೆ. ಸಿಗರೇಟು ಸೇದುವವರು ಅವನ ಗೂಡಂಗಡಿಗೆ ಹೋದರು, ಅವರ ಪೆಪ್ಪರಮಿಂಟು, ನೀರಿನ ಬಾಟಲಿಗಳೂ ಅಲ್ಲಿಗೇ ಹೋದವು. ಹೀಗಾಗುತ್ತದೆಂದು ಗೊತ್ತಿತ್ತು. ಗೊತ್ತಿದ್ದರೂ ಸಂಜೆ ಗಲ್ಲಾ ತೆರೆದು ಇದ್ದಷ್ಟನ್ನೇ ಎರಡೆರಡು ಸಲ ಎಣಿಸುತ್ತಿದ್ದೆ. ಖಾಲಿ ಗೋಡೆಗೆ ಬಟ್ಟೆ ಸೋಪು ಜೋಡಿಸಿದೆ.

ಎರಡನೆಯ ವಾರ ಒಂದು ಬೆಳಿಗ್ಗೆ ಸರ್ ರಸ್ತೆ ದಾಟಿ ಬಂದರು. ಮೊದಲಿನ ಹಾಗೆಯೇ ಕಟ್ಟೆಗೆ ಒರಗಿದರು. ನನ್ನ ಕೈ ಹಾಳಾದ್ದು ಹಿಂದಕ್ಕೆ ಹೋಗಿ ಸೋಪಿಗೆ ತಾಗಿತು. ನಾನು ನಕ್ಕೆ, ಅವರು ನಗಲಿಲ್ಲ. ಜೇಬಿನಿಂದ ನನ್ನ ಪತ್ರ ತೆಗೆದು ಮಡಿಕೆ ಬಿಚ್ಚಿ ಕಟ್ಟೆಯ ಮೇಲಿಟ್ಟರು. ಅವರು ಬಾಗಿದಾಗ ಅಂಗಿಯಿಂದ ಅದೇ ಸಿಗರೇಟಿನ ವಾಸನೆ ಹೊಡೆಯಿತು.

"ಬಿಟ್ಟವರು ಹೆದರ್ತಾರೆ ಅಂತ ಬರೆದಿದ್ದೀರಿ," ಎಂದರು. "ನಾನು ಬಿಟ್ಟೇ ಇಲ್ಲ ಕಣ್ರಿ. ನಾಲ್ಕು ದಿನ ತಡೆದೆ, ಅಷ್ಟೇ. ನಿಮ್ಮ ಕೈ ಕುಲುಕಿ ಹೋದವನು ಯಾವ ಮುಖ ಇಟ್ಕೊಂಡು ಬಂದು ಮತ್ತೆ ನಿಮ್ಮನ್ನೇ ಕೇಳಲಿ? ಅದಕ್ಕೇ ಆ ಟಪರಿಯವನ ಹತ್ರ ತಗೊಳ್ತಿದ್ದೆ."

ನನಗೆ ಮೈಯೆಲ್ಲ ಉರಿದುಹೋಯಿತು. ಈ ಮನುಷ್ಯನ ಸಲುವಾಗಿ ಹೊಟ್ಟೆಯ ಮೇಲೆ ಹೊಡೆದುಕೊಂಡೆ, ಇವರು ನಾನು ಅಸಲಿಗೆ ಕೊಟ್ಟ ಮಾಲನ್ನೇ ಅಲ್ಲಿ ನಿಂತು ಸೇದುತ್ತಿದ್ದಾರೆ! ಬಾಯಿ ತುಂಬ ಬೈಯಬೇಕೆನ್ನಿಸಿತು. ಆದರೆ ಅವರ ಕಣ್ಣ ಕೆಳಗೆ ಊದಿಕೊಂಡಿತ್ತು. ರಸ್ತೆ ದಾಟಿ ಬಂದದ್ದಕ್ಕೇ ಏದುಸಿರು ಬಿಡುತ್ತಿದ್ದರು.

"ಹಂಗಾದ್ರ ಈಗ ಹೆಂಗ ಬಂದ್ರಿ ಸರ?" ಎಂದೆ.

"ಈಗ ನಿಮ್ಮ ಹತ್ರ ಇಲ್ವಲ್ಲ. ಕೇಳ್ಬೇಕಾದ ಪ್ರಮೇಯವೇ ಇಲ್ಲ."

ಹಿಂದಿನ ಸಂಜೆಯ ಗಲ್ಲಾ ನೆನಪಾಯಿತು, ಅಂಗಡಿಯ ಬಾಡಿಗೆ ನೆನಪಾಯಿತು. ಸೇಲ್ಸ್‌ಮನ್ನಿನ ನಂಬರು ಇನ್ನೂ ಫೋನಿನಲ್ಲಿತ್ತು. ನಾಚಿಕೆ ಬಿಟ್ಟು ಕೇಳಿಯೇಬಿಟ್ಟೆ.

"ಹೆಂಗೂ ನೀವು ಬಿಟ್ಟಿಲ್ಲ. ಕಪಾಟ ಮತ್ತ ಹಚ್ಚಿಸಲೇನ್ರಿ?"

ಅವರು ಪತ್ರವನ್ನು ಮಡಚಿ ಜೇಬಿಗಿಟ್ಟುಕೊಂಡರು.

"ಬೇಡ್ರಿ," ಎಂದರು. "ಹಚ್ಚಿಸಿದ್ರೆ ನಾನು ಮತ್ತೆ ಆ ಕಡೆಯಿಂದ್ಲೇ ಹೋಗ್ಬೇಕಾಗುತ್ತೆ."

ಅಷ್ಟರಲ್ಲಿ ಲೋಕಲ್ಲಿನ ಹೊತ್ತಾಯಿತು. ಮನೆಗೆ ಹಾಲು, ಬ್ರೆಡ್ಡು ಕಳಿಸಲು ಹೇಳಿ, ಕೆಮ್ಮುತ್ತ ಸ್ಟೇಷನ್ನಿನ ಕಡೆ ನಡೆದರು. ಟಪರಿಯ ಮುಂದೆ ನಿಲ್ಲುತ್ತಾರೋ ಎಂದು ನೋಡಬಾರದೆಂದುಕೊಂಡು ಸೋಪುಗಳನ್ನು ಸರಿಮಾಡಿದೆ. ಆಮೇಲೆ ಸೇಲ್ಸ್‌ಮನ್ನಿನ ನಂಬರು ಅಳಿಸಿದೆ.